ಬಿಪಿ ಇಲ್ಲ ಅಂದರು, ಪ್ರೊಪ್ರನೊಲಾಲ್ ಇತ್ತು

ಹಲ್ಲು ಮರಗಟ್ಟಿಸಲು ನಾನು ದಿನವೂ ಬಳಸುವುದು 2% ಲಿಗ್ನೊಕೇನ್, ಜೊತೆಗೆ 1:80,000 ಅಡ್ರಿನಲಿನ್. ಲಿಗ್ನೊಕೇನ್‌ಗೆ ಒಂದು ಕೆಟ್ಟ ಗುಣ ಇದೆ, ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಹಾಗಾಗಿ ಅದನ್ನೊಂದೇ ಚುಚ್ಚಿದರೆ ರಕ್ತ ಅದನ್ನು ಬೇಗ ಎಳೆದುಕೊಂಡು ಹೋಗುತ್ತದೆ, ಹಲ್ಲಿನ ಒಳಗಿನ ನರ ಹತ್ತು ನಿಮಿಷದಲ್ಲೇ ಎಚ್ಚರವಾಗಬಹುದು. ಅಡ್ರಿನಲಿನ್ ಆ ನಾಳಗಳನ್ನು ಕುಗ್ಗಿಸಿ ಮದ್ದನ್ನು ಅಲ್ಲೇ ಹಿಡಿದಿಡುತ್ತದೆ. ಸುಮಾರು ಒಂದು ಗಂಟೆ ಕೆಲಸ ಮಾಡಬಹುದು, ರಕ್ತವೂ ಕಡಿಮೆ ಬರುತ್ತದೆ.

ನಾನು ಎಡವಿದ್ದು ಕೆಳಗಿನ ದವಡೆ ಹಲ್ಲು ಕೀಳಿಸಲು ಬಂದವರೊಬ್ಬರ ಹತ್ತಿರ. ಬಿಪಿ ಇದೆಯಾ, ಹಾರ್ಟ್ ತೊಂದರೆ ಇದೆಯಾ ಅಂತ ಕೇಳಿದೆ. ಎರಡೂ ಇಲ್ಲ ಅಂದರು, ಅದು ನಿಜವೇ. ಬಿಪಿ 124/80 ಇತ್ತು, ನಾಡಿ 58. ನಾಡಿ ಅಷ್ಟು ನಿಧಾನ ಇದ್ದದ್ದು ನೋಡಿಯೇ ನಾನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಿಲ್ಲ ಅಂತ ನೋಡಿಕೊಂಡು ನಿಧಾನವಾಗಿ ದವಡೆಯ ನರ ಮರಗಟ್ಟಿಸುವ ಬ್ಲಾಕ್ ಕೊಟ್ಟೆ. ಒಟ್ಟು ಒಂದೂವರೆ ಕಾರ್ಟ್ರಿಜ್, ಅಂದರೆ 2.7 ಮಿ.ಲೀ. ಮಿ.ಲೀ.ಗೆ 12.5 ಮೈಕ್ರೊಗ್ರಾಂ ಲೆಕ್ಕದಲ್ಲಿ ಸುಮಾರು 34 ಮೈಕ್ರೊಗ್ರಾಂ ಅಡ್ರಿನಲಿನ್ ಹೋಯಿತು. ಹೃದ್ರೋಗಿಗಳಿಗೆ ಹಾಕಿಕೊಳ್ಳುವ ಮಿತಿಯೇ 40, ಅದಕ್ಕಿಂತ ಕಡಿಮೆಯೇ ಅಲ್ವಾ!

ಐದು ನಿಮಿಷಕ್ಕೆ ತಲೆ ಸಿಡಿಯುತ್ತಿದೆ ಅಂದರು. ಬಿಪಿ 178/102, ನಾಡಿ 48. ಹೆದರಿಕೆಯಿಂದ ಬಿಪಿ ಏರಿದರೆ ನಾಡಿಯೂ ಓಡುತ್ತದೆ, ಇಲ್ಲಿ ನಾಡಿ ಇಳಿದಿತ್ತು. ಆಗ ಕೇಳಿದೆ, ದಿನಾ ಯಾವ ಮಾತ್ರೆ ತಗೊಳ್ತೀರಿ? ಮೈಗ್ರೇನ್‌ಗೆ ಪ್ರೊಪ್ರನೊಲಾಲ್ ಅಂದರು. ನಾಡಿಯನ್ನು ನಿಧಾನ ಮಾಡುವ ಮಾತ್ರೆ ಅದು.

ಅಡ್ರಿನಲಿನ್ ಕೆಲವು ನಾಳಗಳನ್ನು ಕುಗ್ಗಿಸಿದರೂ ಸ್ನಾಯುಗಳ ನಾಳಗಳನ್ನು ಹಿಗ್ಗಿಸುತ್ತದೆ, ಅದಕ್ಕೇ ಸಾಮಾನ್ಯವಾಗಿ ಬಿಪಿ ಅಷ್ಟಾಗಿ ಏರುವುದಿಲ್ಲ. ಹಿಗ್ಗಿಸುವ ಆ ಬೀಟಾ-2 ದಾರಿಯನ್ನು ಪ್ರೊಪ್ರನೊಲಾಲ್ ಮುಚ್ಚಿಬಿಡುತ್ತದೆ. ಉಳಿಯುವುದು ಬರೀ ಕುಗ್ಗಿಸುವ ಕೆಲಸ. ಬಿಪಿ ಏರುತ್ತದೆ, ಅದನ್ನು ಕಂಡ ದೇಹ ಹೃದಯದ ವೇಗ ಇಳಿಸುತ್ತದೆ. ಈ ಮಾತ್ರೆ ತಗೊಳ್ಳುವ ಎಲ್ಲರಿಗೂ ಹೀಗಾಗುವುದಿಲ್ಲ. ಅದೇ ಗುಂಪಿನ ಅಟೆನೊಲಾಲ್, ಮೆಟೊಪ್ರೊಲಾಲ್ ಹೆಚ್ಚಾಗಿ ಹೃದಯದ ಬೀಟಾ-1 ಮೇಲೆ ಕೆಲಸ ಮಾಡುವುದರಿಂದ ಅವುಗಳಲ್ಲಿ ಈ ಭಯ ಕಡಿಮೆ.

ಕೆಲಸ ನಿಲ್ಲಿಸಿ, ಕುರ್ಚಿಯ ಬೆನ್ನೆತ್ತಿ ಕೂರಿಸಿ, ಐದೈದು ನಿಮಿಷಕ್ಕೆ ಬಿಪಿ ನೋಡಿದೆ. ಇಪ್ಪತ್ತು ನಿಮಿಷಕ್ಕೆ ತಾನಾಗೇ ಇಳಿಯಿತು. ಇಳಿಯದಿದ್ದರೆ, ಎದೆನೋವೋ ಕೈಕಾಲು ಸೋಲುವುದೋ ಕಂಡಿದ್ದರೆ ನೇರ ಆಸ್ಪತ್ರೆಗೇ.

ಈಗ ಕಾಯಿಲೆಗಿಂತ ಮೊದಲು ಮಾತ್ರೆಯ ಪಟ್ಟಿ ಕೇಳುತ್ತೇನೆ. ಹತೋಟಿಗೆ ಬಾರದ ಥೈರಾಯ್ಡ್ ಅಬ್ಬರ, ಅಡ್ರಿನಲಿನ್ ಸುರಿಸುವ ಗಡ್ಡೆಯಾದ ಫಿಯೊಕ್ರೊಮೊಸೈಟೋಮ, ಇತ್ತೀಚಿನ ಹೃದಯಾಘಾತ ಇದ್ದರಂತೂ ಅಡ್ರಿನಲಿನ್ ಮುಟ್ಟುವುದಿಲ್ಲ, ತುರ್ತಲ್ಲದ ಕೆಲಸವನ್ನೇ ಮುಂದಕ್ಕೆ ಹಾಕುತ್ತೇನೆ.

ಅವರಿಗೆ ಮುಂದಿನ ಸಲ ಅಡ್ರಿನಲಿನ್ ಇಲ್ಲದ 3% ಮೆಪಿವಕೇನ್ ಕೊಟ್ಟೆ, ಅದು ನಾಳಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ಪ್ರೊಪ್ರನೊಲಾಲ್ ನಿಲ್ಲಿಸಿ ಬನ್ನಿ ಅನ್ನಲಿಲ್ಲ, ದಿಢೀರನೆ ಬಿಟ್ಟರೆ ಹೃದಯಕ್ಕೆ ಅದೇ ಅಪಾಯ. ಹಲ್ಲು ಕಾಲು ಗಂಟೆಯಲ್ಲಿ ಬಂತು, ರಕ್ತ ಮಾತ್ರ ಸ್ವಲ್ಪ ಜಾಸ್ತಿ, ಗಾಜ್ ಒತ್ತಿಕೊಂಡು ಅರ್ಧ ಗಂಟೆ ಕೂತಿದ್ದು ಹೋದರು.