ಎಂಟಡಿ ತಗಡು, ಎಂಟಿಂಚಿನ ಮೂಲೆ

ನಮ್ಮ ಕೊಟ್ಟಿಗೆಯಲ್ಲಿ ಹಸುಗಳಿಗೆ ನೀರಿಡುವ ಮರದ ಮರಿಗೆ ಸೀಳಿಹೋಗಿತ್ತು. ಶಿರಸಿ ಪೇಟೆಯಿಂದ ಎಂಟಡಿ ಉದ್ದ, ಮೂರಡಿ ಅಗಲದ ಜಿಐ ತಗಡು ತಂದೆ. ನಾಲ್ಕು ಮೂಲೆಗಳಲ್ಲಿ ಸಮನಾದ ಚೌಕ ಕತ್ತರಿಸಿ, ಬದಿಗಳನ್ನು ಮೇಲಕ್ಕೆ ಮಡಚಿದರೆ ಮರಿಗೆಯಾಗುತ್ತದೆ. ಆದರೆ ಅತಿ ಹೆಚ್ಚು ನೀರು ಹಿಡಿಯಲು ಚೌಕ ಎಷ್ಟು ಇಂಚಿನದಿರಬೇಕು?

ತಗಡಿನ ಕೆಲಸದವರು ಯೋಚಿಸಲೂ ಇಲ್ಲ. ‘ಅಗಲದ ಆರನೆಯ ಒಂದು ಪಾಲು, ಆರಿಂಚು ಹೆಗಡೆಯವರೇ. ನನ್ನ ತಟ್ಟೆಗಳೆಲ್ಲ ಅದೇ ಲೆಕ್ಕದವು’ ಎಂದರು. ಅವರ ಲೆಕ್ಕ ತಪ್ಪಲ್ಲ, ಆದರೆ ಅದು ಚೌಕ ತಗಡಿಗೆ ಮಾತ್ರ. ನನ್ನದು ಉದ್ದದ ತಗಡು.

ಅಂಗಳದಲ್ಲಿ ತಗಡು ಹಾಸಿ, ಮೊಳೆಯಿಂದ ಆರಿಂಚಿಗೆ ಗೆರೆ ಎಳೆದು ನೋಡಿದೆ. ತಳ 84 ಮತ್ತು 24 ಇಂಚು, ಅಂದರೆ 2016 ಚದರ ಇಂಚು. ನಾಲ್ಕೂ ಗೋಡೆ ಸೇರಿ 1296 ಮಾತ್ರ. ಇಲ್ಲಿಯೇ ಗುಟ್ಟಿದೆ. ಚೌಕವನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿದರೆ ನೀರು ಇಡೀ ತಳದ ಮೇಲೆ ಅಷ್ಟೇ ಎತ್ತರ ಏರುತ್ತದೆ, ಅದು ಲಾಭ. ಜೊತೆಗೆ ನಾಲ್ಕೂ ಗೋಡೆಗಳು ಅಷ್ಟೇ ಒಳಸರಿಯುತ್ತವೆ, ಅದು ನಷ್ಟ. ತಳ ದೊಡ್ಡದಿರುವವರೆಗೆ ಲಾಭವೇ ಹೆಚ್ಚು. ತಳದ ವಿಸ್ತೀರ್ಣವೂ ಗೋಡೆಗಳ ಒಟ್ಟು ವಿಸ್ತೀರ್ಣವೂ ಸಮವಾದಲ್ಲಿ ನಿಲ್ಲಬೇಕು.

ಎಂಟಿಂಚಿಗೆ ಗೆರೆ ಸರಿಸಿದೆ. ತಳ 80 ಮತ್ತು 20, ಅಂದರೆ 1600. ಗೋಡೆಗಳೂ 1600! ಕಾಲೇಜಿನ ಕಲನಶಾಸ್ತ್ರವನ್ನು ಕೆದಕಿ, ಚೌಕದ ಬದಿ x, ಹಿಡಿಯುವ ನೀರು V ಎಂದಿಟ್ಟುಕೊಂಡು, V = x(96 − 2x)(36 − 2x) ಎಂದು ಬರೆದು, ಅವಕಲನವನ್ನು ಸೊನ್ನೆಗೆ ಸಮ ಮಾಡಿದೆ. x² − 44x + 288 = 0 ಬಂತು. ಉತ್ತರ 8 ಅಥವಾ 36. ಮೂಲೆಯಿಂದ 36 ಇಂಚು ಕತ್ತರಿಸಲು ತಗಡಿನ ಅಗಲವೇ ಅಷ್ಟು. ಪರೀಕ್ಷೆಯಲ್ಲಿ ಅದನ್ನೂ ಬರೆದು ಅಂಕ ಕಳೆದುಕೊಂಡವನು ನಾನು.

ಆರಿಂಚಿಗೆ 12,096 ಘನ ಇಂಚು ಹಿಡಿಯುತ್ತಿತ್ತು, ಎಂಟಕ್ಕೆ 12,800. ಏಳಾದರೆ 12,628, ಒಂಬತ್ತಾದರೆ 12,636. ಅಂದರೆ ಶಿಖರದ ಬಳಿ ನೆಲ ಹೆಚ್ಚುಕಡಿಮೆ ಸಮತಟ್ಟು. ಕತ್ತರಿ ಕಾಲಿಂಚು ಜಾರಿದರೆ ಚಿಂತೆಯಿಲ್ಲ. ಆದರೆ ನಾಲ್ಕೂ ಚೌಕ ಒಂದೇ ಅಳತೆಯವಿರಬೇಕು, ಇಲ್ಲದಿದ್ದರೆ ಅಂಚುಗಳು ಮೇಲೆಕೆಳಗಾಗಿ, ತಗ್ಗಿದ ಕಡೆಯಿಂದ ನೀರು ಚೆಲ್ಲುತ್ತದೆ.

ಚೌಕಗಳನ್ನು ಪೂರ್ತಿ ತೆಗೆಯಲಿಲ್ಲ. ರಿವೆಟ್ ಹೊಡೆದು ಬೆಸುಗೆ ಹಾಕಲು ಪ್ರತಿ ಮೂಲೆಯಲ್ಲಿ ಒಂದಿಂಚಿನ ಪಟ್ಟಿ ಉಳಿಸಿ, ಮರದ ತೊಲೆಯ ಮೇಲಿಟ್ಟು ಕೊಡತಿಯಿಂದ ಬಡಿದು ಮಡಚಿದೆವು. ಹಸುವಿನ ಮೂತಿಗೆ ಗಾಯವಾಗದಿರಲೆಂದು ಮೇಲಂಚನ್ನು ಅರ್ಧ ಇಂಚು ಹೊರಕ್ಕೆ ಮಡಚಬೇಕಾಯಿತು. ಎತ್ತರ ಏಳೂವರೆಗೆ ಇಳಿದು 800 ಘನ ಇಂಚು ಹೋಯಿತು: ಕಲನಶಾಸ್ತ್ರ ಗಳಿಸಿಕೊಟ್ಟದ್ದಕ್ಕಿಂತ ಹೆಚ್ಚು. ಈಗ ಕಂಠಮಟ್ಟ ತುಂಬಿದರೆ ಸುಮಾರು 196 ಲೀಟರ್ ಹಿಡಿಯುತ್ತದೆ. ತುಂಬಿದಾಗ ಉದ್ದದ ಗೋಡೆಗಳು ಹೊಟ್ಟೆ ಬಿಡುವುದರಿಂದ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಬಿಗಿದಿದ್ದೇನೆ.