‘ಉಳಿದ 23 ಜನ ಎಲ್ಲಿ ಹೋದರು?’: ರಿವ್ಯೂವರ್‌ಗೆ ಉತ್ತರ ಬರೆಯುವುದು ಹೇಗೆ

ಒಂದು ಲೇಖನ ಇದೆ ಅಂದುಕೊಳ್ಳೋಣ. ದಾವಣಗೆರೆಯ ಒಂದು ಮನೋರೋಗ ಒಪಿಡಿಯಲ್ಲಿ ಒಲಾಂಜಪೈನ್ ಮಾತ್ರೆ ಶುರು ಮಾಡಿದ 84 ಜನರ ಹಳೆಯ ಕೇಸ್ ಶೀಟ್ ತೆಗೆದು ನೋಡಿದ್ದಾರೆ. ಮೊದಲ ದಿನದ ತೂಕ ಎಲ್ಲರದ್ದೂ ಇದೆ. 12ನೇ ವಾರದ ತೂಕ ಸಿಕ್ಕಿದ್ದು 61 ಜನರದ್ದು ಮಾತ್ರ. ಅವರಲ್ಲಿ 26 ಜನರಿಗೆ ತೂಕ ಶೇ 7 ಅಥವಾ ಅದಕ್ಕಿಂತ ಜಾಸ್ತಿ ಏರಿದೆ. ಈ ಮಾತ್ರೆಗಳ ಅಧ್ಯಯನಗಳಲ್ಲಿ ‘ಲೆಕ್ಕಕ್ಕೆ ಬರುವ ಏರಿಕೆ’ ಅನ್ನಲು ಸಾಮಾನ್ಯವಾಗಿ ಬಳಸುವ ಗೆರೆ ಇದು. 50 ಕೆ.ಜಿ. ಇದ್ದವರಿಗೆ ಅಂದರೆ ಮೂರೂವರೆ ಕೆ.ಜಿ. ಲೇಖನದಲ್ಲಿ ಶೇ 42.6 ಎಂದು ಬರೆದು ಜರ್ನಲ್‌ಗೆ ಕಳಿಸಿದರು. ಮೇಜರ್ ರಿವಿಷನ್ ಬಂತು, ಅಂದರೆ ಲೇಖನ ಓದಿ ಪರಿಶೀಲಿಸಿದ ರಿವ್ಯೂವರ್‌ಗಳ ಪ್ರಶ್ನೆಗಳಿಗೆ ಉತ್ತರ ಬರೆದು, ಸಾಕಷ್ಟು ತಿದ್ದಿ ಮತ್ತೆ ಕಳಿಸಿ ಅಂತ.

ಮೊದಲ ಕೆಲಸ, ರಿವ್ಯೂವರ್‌ಗಳ ಮಾತನ್ನು ಒಂದಕ್ಷರ ಬದಲಿಸದೆ ಹೊಸ ಫೈಲಿಗೆ ಹಾಕಿಕೊಳ್ಳುವುದು. ನಂತರ ಒಡೆಯುವುದು. ‘ಬಿಟ್ಟುಹೋದವರ ಬಗ್ಗೆ ಏನೂ ಹೇಳಿಲ್ಲ, ತೂಕ ಹೇಗೆ ಅಳೆದಿರಿ ಅನ್ನುವುದೂ ಸ್ಪಷ್ಟವಿಲ್ಲ’ ಅನ್ನುವ ಒಂದೇ ಸಾಲಿನಲ್ಲಿ ಎರಡು ಪ್ರಶ್ನೆ ಇವೆ, ಅಲ್ವಾ? ಅವಕ್ಕೆ 1.1, 1.2 ಎಂದು ನಂಬರ್ ಕೊಡಿ. ಒಡೆಯದಿದ್ದರೆ ಎರಡನೆಯದು ಮರೆತೇ ಹೋಗುತ್ತದೆ. ರಿವ್ಯೂವರ್ ಮರೆಯುವುದಿಲ್ಲ.

1.1ಕ್ಕೆ ವಿದ್ಯಾರ್ಥಿಗಳು ಮೊದಲು ಬರೆಯುವ ಉತ್ತರ ಹೀಗಿರುತ್ತದೆ: ‘ಮೆಕ್ಕೆಜೋಳದ ಕಟಾವು ನಡೆದಿತ್ತು, ಜಗಳೂರು ಕಡೆಯವರು ಬರಲಿಲ್ಲ.’ ನಿಜವೇ ಇರಬಹುದು. ಆದರೆ ಕೇಸ್ ಶೀಟಿನಲ್ಲಿ ಹಾಗೆ ಬರೆದಿಲ್ಲ ಅಂದರೆ ಅದು ಊಹೆ. ತೂಕ ಏರಿತು ಅಂತಲೇ ಮಾತ್ರೆ ಬಿಟ್ಟು, ಒಪಿಡಿಗೂ ಬರದೆ ಇದ್ದವರು ಆ 23ರಲ್ಲಿ ಎಷ್ಟು ಜನ? ಗೊತ್ತಿಲ್ಲ. ಹಾಗಾಗಿ ಕಾರಣ ಹುಡುಕುವ ಬದಲು ಲೆಕ್ಕ ಮಾಡಿ ತೋರಿಸಬೇಕು. ಬಾರದ 23 ಜನರಲ್ಲಿ ಒಬ್ಬರಿಗೂ ತೂಕ ಏರಿಲ್ಲ ಅಂದುಕೊಂಡರೆ 84ರಲ್ಲಿ 26, ಅಂದರೆ ಶೇ 31. ಎಲ್ಲರಿಗೂ ಏರಿದೆ ಅಂದುಕೊಂಡರೆ 84ರಲ್ಲಿ 49, ಅಂದರೆ ಶೇ 58.3. ಸತ್ಯ ಈ ಎರಡರ ನಡುವೆ ಎಲ್ಲೋ ಇದೆ. ಜೊತೆಗೆ ಬಂದವರ ಮತ್ತು ಬಾರದವರ ವಯಸ್ಸು, ಮೊದಲ ದಿನದ ತೂಕ, ಡೋಸ್, ಹಿಂದೆ ಇಂಥ ಮಾತ್ರೆ ತೆಗೆದುಕೊಂಡಿದ್ದರೋ ಇಲ್ಲವೋ, ಇವನ್ನು ಒಂದು ಟೇಬಲಿನಲ್ಲಿ ಪಕ್ಕಪಕ್ಕ ಇಡಿ. ಮೊದಲ ಸಲ ಮಾತ್ರೆ ತೆಗೆದುಕೊಳ್ಳುವವರಲ್ಲಿ ತೂಕ ಜಾಸ್ತಿ ಏರುತ್ತದೆ. ಅಂಥವರೇ ಹೆಚ್ಚಾಗಿ ಬಾರದೆ ಉಳಿದಿದ್ದರೆ ನಿಮ್ಮ ಅಂಕಿ ಕಡಿಮೆಯಾಗಿ ಬಂದಿರಬಹುದು.

ಇಷ್ಟು ಮುಗಿಸಿದ ಮೇಲೆಯೇ ಉತ್ತರ ಬರೆಯಲು ಕೂರಿ. ಕಳಿಸುವುದು ಇಂಗ್ಲಿಷಿನಲ್ಲಿ, ಅದರ ಕಟ್ಟು ಹೇಗಿರಬೇಕು ಅಂತ ಕನ್ನಡದಲ್ಲೇ ತೋರಿಸುತ್ತೇನೆ:

‘ರಿವ್ಯೂವರ್ 1.1ರ ಮಾತು ಸರಿ. 23 ಜನರ 12ನೇ ವಾರದ ತೂಕ ನಮ್ಮಲ್ಲಿಲ್ಲ. ಅವರು ಬಾರದ ಕಾರಣ ದಾಖಲೆಯಲ್ಲಿಲ್ಲ. ಇಬ್ಬದಿಯ ಲೆಕ್ಕ ಸೇರಿಸಿದ್ದೇವೆ: ಶೇ 31ರಿಂದ 58.3. ಹೊಸ ಟೇಬಲ್ 2 ಸೇರಿಸಿದ್ದೇವೆ. ಫಲಿತಾಂಶ, ಪುಟ 7, ಸಾಲು 142–149. ಸಾರಾಂಶದಲ್ಲಿ ಶೇ 42.6ರ ಜೊತೆ ‘ಮರಳಿ ಬಂದ 61 ಜನರಲ್ಲಿ’ ಎಂದು ಸೇರಿಸಿದ್ದೇವೆ.’

ಕೊನೆಯ ಆ ವಾಕ್ಯ ನನಗೆ ಬಹಳ ಮುಖ್ಯ. ಒಳಗೆ ತಿದ್ದಿ ಸಾರಾಂಶವನ್ನು ಹಾಗೇ ಬಿಟ್ಟರೆ, ಸಾರಾಂಶ ಮಾತ್ರ ಓದುವ ವೈದ್ಯರಿಗೆ ತಪ್ಪು ಅಂಕಿಯೇ ಹೋಗುತ್ತದೆ.

1.2, ತೂಕ ಅಳೆದ ಬಗೆ. ಚಪ್ಪಲಿ ಹಾಕಿಕೊಂಡೋ, ಸ್ವೆಟರ್ ತೊಟ್ಟೋ ಗೊತ್ತಿಲ್ಲ ಅಂದರೆ ಹಾಗೇ ಬರೆಯಿರಿ. ಹಳೆಯ ದಾಖಲೆಯನ್ನು ಈಗ ತಿದ್ದಲಾಗದು. ಅದು ಮಿತಿಗಳ ಭಾಗಕ್ಕೆ ಹೋಗಲಿ.

ಒಪ್ಪದ ಮಾತೂ ಇರುತ್ತದೆ. ಎರಡನೇ ರಿವ್ಯೂವರ್, ಬೊಜ್ಜು ಎನ್ನಲು ಬಿಎಂಐ 30 ಇಟ್ಟುಕೊಳ್ಳಿ ಅಂದರು ಅನ್ನಿ. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಇಲ್ಲಿನ ತಜ್ಞರು 2009ರಲ್ಲೇ ಒಮ್ಮತಕ್ಕೆ ಬಂದಿದ್ದಾರೆ, ಯಾಕೆಂದರೆ ನಮ್ಮವರಲ್ಲಿ ಕಡಿಮೆ ಬಿಎಂಐನಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಶುರುವಾಗುತ್ತದೆ. ಆದ್ದರಿಂದ ನಮ್ಮ ಗೆರೆ ಉಳಿಸಿಕೊಂಡಿದ್ದೇವೆ ಎಂದು ಕಾರಣ ಸಮೇತ ಹೇಳಿ. 30ರ ಗೆರೆಯ ಲೆಕ್ಕವನ್ನೂ ಪೂರಕ ಟೇಬಲಿನಲ್ಲಿ ಕೊಡಿ. ಬೇರೆ ದೇಶದವರು ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಕವರ್ ಲೆಟರ್ ಕೊನೆಗೆ ಬರೆಯಿರಿ, ಒಂದು ಪುಟ ಸಾಕು. ಎಡಿಟರ್‌ಗೆ ಬೇಕಾದದ್ದು ಲೇಖನದ ನಂಬರ್, ಶೀರ್ಷಿಕೆ, ಮತ್ತು ಮುಖ್ಯವಾಗಿ ಏನು ಬದಲಾಯಿತು ಅನ್ನುವುದು. ಇಲ್ಲಿ ಮೂರು ಸಾಲು: ಬಾರದವರ ಲೆಕ್ಕ ಸೇರಿಸಿದೆವು, ಹೋಲಿಕೆಗೆ ಬೇರೆ ಗುಂಪು ಇಲ್ಲದ ಕಾರಣ ‘ಒಲಾಂಜಪೈನ್‌ನಿಂದ ತೂಕ ಏರಿತು’ ಎಂಬಲ್ಲಿ ‘ಒಲಾಂಜಪೈನ್ ಶುರುವಾದ ಮೇಲೆ’ ಎಂದು ಬದಲಿಸಿದೆವು, ಬಿಎಂಐ ವಿಷಯದಲ್ಲಿ ಒಂದು ಸಲಹೆ ಒಪ್ಪಲಿಲ್ಲ, ಕಾರಣ 2.3ರಲ್ಲಿದೆ. ಒಪ್ಪದ್ದನ್ನು ಇಲ್ಲೇ ಹೇಳಿಬಿಡಿ, ಎಡಿಟರ್ ಹುಡುಕಿ ಕಂಡುಕೊಳ್ಳುವ ಹಾಗೆ ಆಗಬಾರದು. ಲೇಖನ ಬೇರೆಲ್ಲೂ ಕಳಿಸಿಲ್ಲ, ಎಲ್ಲ ಲೇಖಕರೂ ತಿದ್ದಿದ ಪ್ರತಿ ಓದಿ ಒಪ್ಪಿದ್ದಾರೆ ಎಂಬ ಮಾತೂ ಇರಲಿ. ನಿಜವಾಗಿಯೂ ಎಲ್ಲರಿಗೂ ಕಳಿಸಿ ಒಪ್ಪಿಗೆ ತರಿಸಿಕೊಂಡ ಮೇಲೆ.

ಅಪ್‌ಲೋಡ್ ಮಾಡುವ ಮುಂಚೆ ಸಾಲಿನ ನಂಬರ್ ನೋಡಿ. ತಿದ್ದುಪಡಿ ಕಾಣುವ ಪ್ರತಿಯಲ್ಲಿ 142 ಇದ್ದದ್ದು ಶುಚಿ ಪ್ರತಿಯಲ್ಲಿ 131 ಆಗಿರುತ್ತದೆ. ಯಾವ ಪ್ರತಿಯ ನಂಬರ್ ಕೊಟ್ಟಿದ್ದೀರಿ ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆದು, ಇನ್ನೊಬ್ಬರ ಕೈಗೆ ಕೊಟ್ಟು ಒಂದೊಂದೇ ತೆರೆದು ನೋಡಿಸಿ.