33 ಇಂಚಿನ ಪಾಯಖಾನೆಯಲ್ಲಿ ಮೂಲೆ ಬೇಸಿನ್: ನಳ ಗೋಡೆಗೆ ಹೋದ ಮೇಲೆ ನೆಲ ಒಣಗಿತು

ಗಂಗಾವತಿಯ ಒಂದು ಮನೆಯಲ್ಲಿ ಮೆಟ್ಟಿಲ ಕೆಳಗಿನ ಪಾಯಖಾನೆಗೆ ಕೈ ತೊಳೆಯುವ ಬೇಸಿನ್ ಕೂಡಿಸಿದ ಕೆಲಸ ಇದು. ಮೂರು ಸಲ ಕೆಟ್ಟು ನಾಲ್ಕನೇ ಸಲಕ್ಕೆ ಸರಿಹೋಯಿತು. ನಳವನ್ನು ಬೇಸಿನ್ನಿನ ತೂತಿನಿಂದ ಕಿತ್ತು ಪಕ್ಕದ ಗೋಡೆಗೆ ಹಾಕೋಣ ಎಂದಾಗ ಗೌಂಡಿಯೂ ಒಪ್ಪಲಿಲ್ಲ, ಸಾಮಾನು ಕೊಟ್ಟ ಅಂಗಡಿಯವರೂ ಒಪ್ಪಲಿಲ್ಲ. ಈಗ ಒಂದು ವರ್ಷ ದಾಟಿದೆ. ಅದೇ ಗೌಂಡಿ ಮುಂದಿನ ಎರಡು ಮನೆಗೆ ಹೀಗೇ ಮಾಡಿಸಿದ್ದಾರೆ.

ಜಾಗ 33 ಇಂಚು ಅಗಲ, 60 ಇಂಚು ಉದ್ದ. ಒಂದು ತುದಿಯಲ್ಲಿ ಕಮೋಡು, ಟಾಕಿ ಸೇರಿ ಗೋಡೆಯಿಂದ 26 ಇಂಚು ಮುಂದೆ ಬರುತ್ತದೆ. ಬಾಗಿಲು ಉದ್ದನೆಯ ಗೋಡೆಯಲ್ಲಿ, ಇನ್ನೊಂದು ತುದಿಗೆ ಹತ್ತಿರ, ಹೊರಗೆ ತೆರೆಯುತ್ತದೆ.

ಮೊದಲು ಹಾಕಿದ್ದು 14 ಇಂಚು ಅಗಲ, 11 ಇಂಚು ಮುಂಚಾಚಿನ ಸಾದಾ ಸಣ್ಣ ಬೇಸಿನ್, ಬಾಗಿಲಿನ ಎದುರು ಗೋಡೆಗೆ. 11 ಇಂಚು ಅಂದರೆ ಕಡಿಮೆಯೇ, ಆದರೆ ಲೆಕ್ಕ ತಪ್ಪಿದ್ದು ಮುಂಚಾಚಿನಲ್ಲಲ್ಲ, ಮೊಣಕೈಯಲ್ಲಿ. ಸಾದಾ ಬೇಸಿನ್ನನ್ನು ತೀರಾ ಮೂಲೆಗೆ ಒತ್ತಿದರೆ ಒಂದು ಮೊಣಕೈ ಗೋಡೆಗೆ ಬಡಿಯುತ್ತದೆ. ಹಾಗಾಗಬಾರದೆಂದು ಅದರ ನಡುಗೆರೆಯನ್ನು ಮೂಲೆಯಿಂದ 15 ಇಂಚಿಗೆ ಇಟ್ಟೆವು. ಆಗ ಬೇಸಿನ್ನಿನ ಆಚೆ ಅಂಚು 22 ಇಂಚಿಗೆ ಬಂತು, ಕಮೋಡಿನ ಮುಂದೆ 12 ಇಂಚು ಮಾತ್ರ ಉಳಿಯಿತು. ಕೂತವರ ಮಂಡಿ ಬೇಸಿನ್ನಿಗೇ ತಾಗುತ್ತಿತ್ತು. ಆ ಮನೆಯ ಅಜ್ಜಿ ಏಳುವಾಗ ಅದನ್ನೇ ಹಿಡಿದು ಏಳತೊಡಗಿದರು, ಎಂಟು ದಿನಕ್ಕೆ ಬೋಲ್ಟು ಸಡಿಲಾಯಿತು.

ಮೂಲೆ ಬೇಸಿನ್ನಿಗೆ ಬಂದದ್ದು ಇದಕ್ಕಾಗಿ. ಅದರ ಎದುರು ನಿಂತವರು ಓರೆಯಾಗಿ ಮೂಲೆಗೆ ಮುಖ ಮಾಡುತ್ತಾರೆ, ಎರಡೂ ಮೊಣಕೈಗೆ ಜಾಗ ಸಿಗುತ್ತದೆ. ಗೋಡೆಯ ಉದ್ದಕ್ಕೆ 13 ಇಂಚಿನದು ಸಿಕ್ಕಿತು, ಕಮೋಡಿನ ಮುಂದೆ 21 ಇಂಚು ಉಳಿಯಿತು. ಕೊಳ್ಳುವಾಗ ಒಂದು ಮಾತು: ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಗೋಡೆಗುಂಟ ಇರುವ ಅಳತೆ. ಮೂಲೆಯಿಂದ ಮುಂದಿನ ಅಂಚಿನವರೆಗೆ ಓರೆಯಾಗಿ ಟೇಪು ಹಿಡಿದರೆ ನಮ್ಮದು 16 ಇಂಚು ಬಂತು. ಎರಡನ್ನೂ ಅಂಗಡಿಯಲ್ಲೇ ಅಳೆಯಿರಿ.

ಮೂಲೆ ಗುಣಿಯಲ್ಲಿ, ಅಂದರೆ ಸರಿಯಾದ ಲಂಬಕೋನದಲ್ಲಿ ಇರಬೇಕು. ಒಂದು ಗೋಡೆಗೆ 12 ಇಂಚು, ಇನ್ನೊಂದಕ್ಕೆ 16 ಇಂಚು ಗುರುತು ಮಾಡಿ, ನಡುವೆ 20 ಇಂಚು ಬಂದರೆ ಸರಿ. ನಮಗೆ 20ಕ್ಕೆ ಕಾಲು ಇಂಚು ಹೆಚ್ಚು ಬಂದಿತ್ತು, ಟೈಲ್ಸ್ ಹಚ್ಚುವ ಮೊದಲೇ ಒಂದು ಕಡೆ ಗಿಲಾವು ತುಂಬಿ ತಿದ್ದಿದೆವು. ಬಿಟ್ಟಿದ್ದರೆ ಬೇಸಿನ್ನಿನ ಹಿಂದೆ ಸಂದು ಬಿದ್ದು ನೀರು ಗೋಡೆಗುಂಟ ಇಳಿಯುತ್ತಿತ್ತು.

ನಿಜವಾದ ತಲೆನೋವು ನಳದ್ದು. ಈ ಬೇಸಿನ್ನಿನ ತೂತು ಮೂಲೆಯಲ್ಲಿ, ಎರಡೂ ಗೋಡೆಯಿಂದ ಎರಡೂವರೆ ಇಂಚಿಗೆ ಇದೆ. ನೀರು ಹೋಗುವ ವೇಸ್ಟಿನ ನಡು ಎರಡೂ ಗೋಡೆಯಿಂದ ಆರೂವರೆ ಇಂಚಿಗೆ. ತೂತಿನಿಂದ ವೇಸ್ಟಿಗೆ ಓರೆ ದೂರ ಸುಮಾರು ಐದೂಮುಕ್ಕಾಲು ಇಂಚು. ಆ ತೂತಿನಲ್ಲಿ ನಿಲ್ಲಿಸುವ ಸಾದಾ ನಳ, ಪಿಲ್ಲರ್ ಕಾಕ್, ಅದರ ಮೂತಿ ನಾಲ್ಕೇ ಇಂಚು ಚಾಚುತ್ತದೆ. ಹಾಗಾಗಿ ಧಾರೆ ಹಿಂದಿನ ಇಳಿಜಾರಿನ ಮೇಲೆ ಬಿತ್ತು. ಬೆರಳ ಗೆಣ್ಣು ನಳದ ಬುಡಕ್ಕೆ ತಾಗುತ್ತಿತ್ತು, ತಿರುಗಿಸುವ ಕಿವಿ ಗೋಡೆಗೆ ಬಡಿಯುತ್ತಿತ್ತು. ಕೈ ಹಿಡಿಸದೆ ಜನ ನೀರನ್ನು ಬೊಗಸೆಗೆ ಹಿಡಿದು ಹೊರಗೆಳೆದು ಉಜ್ಜುತ್ತಿದ್ದರು, ನೆಲವೆಲ್ಲ ಒದ್ದೆ.

ಅಂಗಡಿಯವರ ಸಲಹೆಯಂತೆ ಹಂಸದ ಕೊರಳಿನ ನಳ ತಂದೆವು, ಹತ್ತಿರ 1,400 ರೂಪಾಯಿ. ಚಾಚು ಸರಿಹೋಯಿತು, ಆದರೆ ಮೂತಿ ಅಂಚಿನಿಂದ 7 ಇಂಚು ಮೇಲೆ. ಬೇಸಿನ್ನಿನ ಆಳ ನಾಲ್ಕೂವರೆ. ನೀರು ಹನ್ನೊಂದೂವರೆ ಇಂಚು ಬೀಳುತ್ತಿತ್ತು. ನೆಲಕ್ಕೆ ಹಳೆಯ ಪೇಪರು ಹಾಸಿ ಹತ್ತು ಸಲ ಕೈ ತೊಳೆಸಿ ನೋಡಿದೆ: ಒಂದೂವರೆ ಅಡಿ ದೂರದವರೆಗೆ ಹನಿಗಳು, ಅಂಚಿನ ಕೆಳಗೆ ಪೇಪರು ತೊಯ್ದು ಹರಿದೇಹೋಗಿತ್ತು. ಸಣ್ಣ ಬೇಸಿನ್ನಿಗೆ ಎತ್ತರದ ಮೂತಿ ಆಗಿಬರುವುದಿಲ್ಲ.

ಆಗ ಗೋಡೆ ನಳದ ಮಾತು ಬಂತು. "ಬೇಸಿನ್ನಿಗೆ ತೂತು ಇರೋವಾಗ ಗೋಡಿ ಯಾಕ ಒಡೀಬೇಕ್ರೀ?" ಎಂದರು ಗೌಂಡಿ. ಲೆಕ್ಕ ಸರಳ. ವೇಸ್ಟಿನ ನಡು ಪಕ್ಕದ ಗೋಡೆಯಿಂದ ಆರೂವರೆ ಇಂಚಿಗಿದೆ, ಗೋಡೆಗೆ ಹಾಕುವ ಉದ್ದ ಮೈಯ ನಳ, ಬಿಬ್ ಕಾಕ್, ಸುಮಾರು ಆರು ಇಂಚು ಚಾಚುತ್ತದೆ. ನಳ ಸಿಕ್ಕಿಸುವ ಎಲ್ಬೋವನ್ನು ಮೂಲೆಯಿಂದ ಆರೂವರೆ ಇಂಚಿಗೆ ಗೋಡೆಯೊಳಗೆ ಕೂಡಿಸಿದರೆ ಧಾರೆ ವೇಸ್ಟಿನ ನಡುವಿಗಿಂತ ಅರ್ಧ ಇಂಚು ಈಚೆ, ಸಪಾಟು ಜಾಗದಲ್ಲಿ ಬೀಳುತ್ತದೆ. ಬಾಗಿದ ಮೈಯ ಮೇಲೆ ಬಿದ್ದ ನೀರು ಅದನ್ನೇ ಹಿಡಿದು ಮೇಲೇರಿ ಅಂಚು ದಾಟುತ್ತದೆ, ಸಪಾಟಿನ ಮೇಲೆ ಬಿದ್ದದ್ದು ಹರಡಿ ಇಳಿಯುತ್ತದೆ.

ಎತ್ತರ ಹೀಗೆ ಹಿಡಿದೆವು: ನೆಲದಿಂದ ಬೇಸಿನ್ ಅಂಚು 32 ಇಂಚು, ಮೂತಿ ಅದರ ಮೇಲೆ 3 ಇಂಚು, ಈ ನಳದ ಮೂತಿ ನಡುಗೆರೆಯಿಂದ 2 ಇಂಚು ಕೆಳಗೆ ಬರುತ್ತದೆ. ಹಾಗಾಗಿ ಎಲ್ಬೋ ನಡು 37 ಇಂಚಿಗೆ. ಮೂರು ಇಂಚಿಗಿಂತ ಕಡಿಮೆ ಮಾಡಿದರೆ ಕೈ ತೂರದು. ಎಲ್ಬೋ ಬಾಯಿ ಟೈಲ್ಸಿಗೆ ಸಮ ಇರಬೇಕು. ಒಳಗೆ ಹೋದರೆ ಎಕ್ಸ್‌ಟೆನ್ಶನ್ ಹಾಕಬೇಕಾಗುತ್ತದೆ, ಅದರಿಂದ ನಳ ಮುಂದೆ ಬಂದು ಧಾರೆ ವೇಸ್ಟಿನ ಬಾಯ ನಡುವಿಗೇ ಬಿದ್ದು ಗೊರಗೊರ ಸದ್ದು ಮಾಡುತ್ತದೆ. ಟೈಲ್ಸಿನ ದಪ್ಪ ಮೊದಲೇ ಹಿಡಿದು ಎಲ್ಬೋ ಅಲುಗದಂತೆ ನಿಲ್ಲಿಸಿ.

ಎಡ ಗೋಡೆಯೋ ಬಲ ಗೋಡೆಯೋ? ಊಟದ ಕೋಣೆಯ ಬೇಸಿನ್ನಿನಲ್ಲಿ ಎಂಜಲಾಗಿರುವುದು ಬಲಗೈ, ನಳ ತಿರುಗಿಸುವುದು ಎಡಗೈ, ಅಲ್ಲಿ ಎಡ ಗೋಡೆ. ಪಾಯಖಾನೆಯಲ್ಲಿ ತಿರುಗಿಸುವುದು ಬಲಗೈ, ಇಲ್ಲಿ ಬಲ ಗೋಡೆ. ಇದನ್ನು ನೋಡದೆ ಹಾಕಿದರೆ ಕೈ ಧಾರೆಯನ್ನು ದಾಟಿ ಹೋಗಬೇಕು, ನಳದ ಮೇಲಿಂದ ನೀರು ತೊಟ್ಟಿಕ್ಕುತ್ತದೆ. ಬೇಸಿನ್ನಿನ ಖಾಲಿ ತೂತಿಗೆ ಸೋಪಿನ ಪಂಪು ಕೂತಿತು.

ವೇಸ್ಟ್ ಪೈಪಿನ ಬಾಯನ್ನು ಮೂಲೆಯಲ್ಲಿ ಬಿಡಬೇಡಿ. ಬೇಸಿನ್ನಿನ ಕೆಳಗಿನ ಬಾಟಲ್ ಟ್ರ್ಯಾಪಿನ ಕೊಳವೆ ಓರೆಯಾಗಿ ಹೋಗಿ, ಗೋಡೆಯ ತೂತು ಮುಚ್ಚುವ ಫ್ಲ್ಯಾಂಜು ಕೂಡುವುದಿಲ್ಲ. ಅದೂ ಆರೂವರೆ ಇಂಚಿಗೇ, ಯಾವುದಾದರೂ ಒಂದೇ ಗೋಡೆಗೆ ನೇರವಾಗಿ ಇರಲಿ.

ಉಳಿದದ್ದು ನೀರಿನ ಜೋರು. ಮೇಲಿನ ಟಾಕಿ ಸುಮಾರು 24 ಅಡಿ ಎತ್ತರದಲ್ಲಿದೆ, ಪೂರ್ತಿ ಬಿಟ್ಟರೆ ಲೀಟರ್ ಬಾಟಲಿ ಆರೇಳು ಸೆಕೆಂಡಿಗೆ ತುಂಬುತ್ತಿತ್ತು. ನಳಕ್ಕೆ ಹೋಗುವ ಲೈನಿನ ಸ್ಟಾಪ್ ಕಾಕ್ ತಿರುಗಿಸಿ 20 ಸೆಕೆಂಡಿಗೆ ತಂದೆವು. ಇದಕ್ಕೆ ಹಳೆಯ ನಮೂನೆಯ ಹಲವು ಸುತ್ತಿನದೇ ಒಳ್ಳೆಯದು. ಕಾಲು ಸುತ್ತಿನದು ಕೂದಲೆಳೆಯಷ್ಟು ಅಲುಗಿದರೂ ಹರಿವು ಬದಲಾಗುತ್ತದೆ. ನಡುವೆ ತಳಕ್ಕೆ ಸ್ಟೀಲ್ ಜಾಳಿಗೆ ಇಟ್ಟೂ ನೋಡಿದೆ. ಸಿಡಿತ ನಿಂತಿತು, ಆದರೆ ವಾರದಲ್ಲಿ ಕೆಳಗೆ ಲೋಳೆ ಕಟ್ಟಿತು, ತೆಗೆಸಿದೆ.

ಮತ್ತೆ ಪೇಪರು ಹಾಸಿ ಹತ್ತು ಸಲ ತೊಳೆಸಿದಾಗ ಬಿದ್ದದ್ದು ಆರೇಳು ಹನಿ, ಎಲ್ಲವೂ ಅಂಚಿನಿಂದ ನಾಲ್ಕು ಇಂಚಿನೊಳಗೆ. ಬೇಸಿನ್ 1,100, ವ್ಯರ್ಥವಾದ ನಳ, ಗೋಡೆ ಒಡೆದು ಮತ್ತೆ ಟೈಲ್ಸ್ ಹಚ್ಚಿದ ಕೂಲಿ 1,200, ಎಲ್ಬೋ ಪೈಪು 250, ಹೊಸ ನಳ 700. ಮೊದಲೇ ಗೋಡೆಗೆ ಹಾಕಿದ್ದರೆ 2,600 ಉಳಿಯುತ್ತಿತ್ತು.

ಬೋರಿನ ನೀರು ಗಡಸಾಗಿದ್ದರೆ ಮೂತಿಯ ಜಾಲಿಯನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ಅರ್ಧ ಗಂಟೆ ನಿಂಬೆ ರಸದಲ್ಲಿ ಇಡಿ. ಬಿಳಿ ಸುಣ್ಣ ಒಂದು ಬದಿ ಕಟ್ಟಿದರೆ ಧಾರೆ ಓರೆಯಾಗಿ ಬಾಗಿದ ಮೈಗೆ ಹೊಡೆಯುತ್ತದೆ. ಮನೆಯವರು ಜಾಲಿಯನ್ನೇ ಕಿತ್ತೆಸೆದರೆ ಧಾರೆ ಗಟ್ಟಿಯಾಗಿ ಬಿದ್ದು ಮತ್ತೆ ಸಿಡಿಯುತ್ತದೆ. ಹೋದ ಬೇಸಿಗೆಯಲ್ಲಿ ಆ ಮನೆಯಿಂದ ಬಂದ ಒಂದೇ ಫೋನು ಇದಕ್ಕೇ ಆಗಿತ್ತು.